ನಾಮಿನಿ ಬದಲಾವಣೆ ಅರ್ಜಿ: ಕೌಂಟರಿಗೆ ಕೊಡುವ ಮುನ್ನ ನೋಡಬೇಕಾದ್ದು, ಕೊಟ್ಟ ಮೇಲೆ ಕೇಳಿ ಪಡೆಯಬೇಕಾದ್ದು

ಪ್ರಶ್ನೆ: ನಮ್ಮ ಅತ್ತೆಯವರಿಗೆ 68 ವರ್ಷ. ಅವರೊಬ್ಬರ ಹೆಸರಿನಲ್ಲೇ ಬ್ಯಾಂಕಿನಲ್ಲಿ 6 ಲಕ್ಷದ ಎಫ್‌ಡಿ ಇದೆ. ನಾಮಿನಿಯಾಗಿದ್ದ ಮಾವ ಹೋದ ವರ್ಷ ತೀರಿಕೊಂಡರು. ಈಗ ನಮ್ಮ ಯಜಮಾನರು, ನಾದಿನಿ ಮತ್ತು ನಾದಿನಿಯ 11 ವರ್ಷದ ಮಗ, ಈ ಮೂವರನ್ನೂ ನಾಮಿನಿ ಮಾಡಬೇಕು ಅಂತ ಅತ್ತೆಯ ಆಸೆ. ಸ್ಟ್ರೋಕ್ ಆದಮೇಲೆ ಅವರಿಗೆ ಸಹಿ ಮಾಡಲು ಆಗುತ್ತಿಲ್ಲ. ಫಾರಂ ನಾನೇ ತುಂಬಿದ್ದೇನೆ. ಸಂಬಂಧದ ಕಾಲಂನಲ್ಲಿ ಗಂಡ, ನಾದಿನಿ, ನಾದಿನಿ ಮಗ ಅಂತಲೂ, ಪಾಲಿನ ಕಾಲಂನಲ್ಲಿ ಮೂವರಿಗೂ ಸಮ ಅಂತಲೂ ಬರೆದಿದ್ದೇನೆ. ಕೊಡುವ ಮೊದಲು ಇನ್ನೇನು ನೋಡಬೇಕು? ಜೆರಾಕ್ಸ್ ಮೇಲೆ ಸೀಲ್ ಹಾಕಿ ಕೊಡುತ್ತೇವೆ ಅಂದಿದ್ದಾರೆ. ಅಷ್ಟು ಸಾಕೇ?

ಉತ್ತರ: ಆ ಫಾರಂ ಕೊಡಬೇಡಿ. ಹೊಸದೊಂದು ತೆಗೆದುಕೊಂಡು ಮೊದಲಿನಿಂದ ತುಂಬಿ. ಸಂಬಂಧದ ಕಾಲಂ ಪೂರ್ತಿ ತಪ್ಪಾಗಿದೆ, ಪಾಲಿನ ಕಾಲಂನಲ್ಲಿ ಅಂಕಿಯೇ ಇಲ್ಲ. ಅದರಲ್ಲೇ ಹೊಡೆದು ತಿದ್ದಿದರೆ ಆಗುವುದಿಲ್ಲವೇ ಎಂದರೆ, ಸಹಿ ಮಾಡುವವರಾಗಿದ್ದರೆ ಪ್ರತಿ ತಿದ್ದುಪಡಿಯ ಪಕ್ಕ ಒಂದು ಪೂರ್ಣ ಸಹಿ ಹಾಕಿ ಮುಗಿಸಬಹುದಿತ್ತು. ಹೆಬ್ಬೆಟ್ಟು ಒತ್ತುವವರ ಫಾರಂನಲ್ಲಿ ಒಂದೊಂದು ತಿದ್ದುಪಡಿಗೂ ಮತ್ತೆ ಹೆಬ್ಬೆಟ್ಟು, ಮತ್ತೆ ಸಾಕ್ಷಿಗಳ ಸಹಿ ಕೇಳುತ್ತಾರೆ. ಹೊಸ ಹಾಳೆಯೇ ಸುಲಭ. ವೈಟ್ನರ್ ಅಂತೂ ಮುಟ್ಟಲೇಬೇಡಿ, ವೈಟ್ನರ್ ಬಳಿದ ಫಾರಂ ಕೌಂಟರಿನಲ್ಲೇ ವಾಪಸ್ಸಾಗುತ್ತದೆ.

ಮೊದಲು ಒಂದು ಸಮಾಧಾನದ ವಿಷಯ. ಮೂವರನ್ನು ನಾಮಿನಿ ಮಾಡುವುದು ಈಗ ಸಾಧ್ಯ. ಬ್ಯಾಂಕ್ ಠೇವಣಿಗೆ ಹಿಂದೆ ಒಬ್ಬರನ್ನು ಮಾತ್ರ ನಾಮಿನಿ ಮಾಡಬಹುದಿತ್ತು. 2025ರ ಬ್ಯಾಂಕಿಂಗ್ ಕಾನೂನು ತಿದ್ದುಪಡಿಯ ನಾಮಿನಿಗೆ ಸಂಬಂಧಿಸಿದ ಭಾಗ 2025ರ ನವೆಂಬರ್ 1ರಿಂದ ಜಾರಿಗೆ ಬಂದಿದೆ. ಅಂದಿನಿಂದ ಒಂದು ಠೇವಣಿಗೆ ನಾಲ್ಕು ಜನರವರೆಗೆ ಹೆಸರಿಸಬಹುದು. ಹಾಗಾಗಿ ಕೈಯಲ್ಲಿರುವ ಫಾರಂ ಹೊಸದೋ ಹಳೆಯದೋ ಎಂದು ಒಮ್ಮೆ ನೋಡಿ. ಒಬ್ಬರ ಹೆಸರಿಗೆ ಮಾತ್ರ ಜಾಗವಿದ್ದು ಪಾಲಿನ ಕಾಲಂ ಇಲ್ಲದಿದ್ದರೆ ಅದು ಹಳೆಯ ಮುದ್ರಣ. ಅದರ ಅಂಚಿನಲ್ಲಿ ಮೂರು ಹೆಸರು ತುರುಕಬೇಡಿ, ನಾಲ್ವರಿಗೆ ಜಾಗವಿರುವ ಫಾರಂ ಕೇಳಿ ಪಡೆಯಿರಿ. ಬದಲಾವಣೆ ಫಾರಂಗೆ ಹಳೆಯ ನಿಯಮದಲ್ಲಿ ಡಿಎ-3 ಎಂಬ ಹೆಸರಿತ್ತು. ಹೊಸದಾಗಿ ನಾಮಿನಿ ಮಾಡುವುದಕ್ಕೆ ಡಿಎ-1, ರದ್ದು ಮಾಡುವುದಕ್ಕೆ ಡಿಎ-2. ಕೌಂಟರಿನಲ್ಲಿ ಬಹಳ ಜನ ಈಗಲೂ ಇದೇ ಹೆಸರು ಹೇಳುತ್ತಾರೆ. ಹೆಸರು ಯಾವುದಾದರೂ ಇರಲಿ, ನೀವು ಕೇಳಬೇಕಾದ್ದು "ಈಗಿರುವ ನಾಮಿನಿಯನ್ನು ಬದಲಿಸಿ ಒಬ್ಬರಿಗಿಂತ ಹೆಚ್ಚು ಜನರನ್ನು ಸೇರಿಸುವ ಫಾರಂ" ಎಂದು.

ಹಳೆಯ ನಾಮಿನಿ ತೀರಿಕೊಂಡಿದ್ದಾರೆ ಎಂದು ಬದಲಾವಣೆಗೆ ತೊಡಕೇನೂ ಇಲ್ಲ. ಠೇವಣಿದಾರರು ಬದುಕಿರುವಷ್ಟು ದಿನ ಯಾವಾಗ ಬೇಕಾದರೂ ನಾಮಿನಿ ಬದಲಿಸಬಹುದು, ಹಳೆಯ ನಾಮಿನಿಯ ಒಪ್ಪಿಗೆ ಬೇಕಿಲ್ಲ. ಇದರಿಂದ ಎಫ್‌ಡಿ ಮುರಿಯುವುದಿಲ್ಲ, ಬಡ್ಡಿ ದರವೂ ಬದಲಾಗುವುದಿಲ್ಲ. ಮಾವನವರ ಹೆಸರನ್ನು ಮಾತ್ರ ಎಫ್‌ಡಿ ರಸೀದಿಯಲ್ಲಿ ಹೇಗೆ ಮುದ್ರಿಸಿದೆಯೋ ಹಾಗೆಯೇ, ಇನಿಷಿಯಲ್ ಸಮೇತ ಬರೆಯಿರಿ. ಯಾವ ದಾಖಲೆ ರದ್ದಾಗುತ್ತಿದೆ ಎಂಬುದು ಆ ಹೆಸರಿನಿಂದಲೇ ಗೊತ್ತಾಗಬೇಕು.

ಸಂಬಂಧದ ಕಾಲಂ

ಫಾರಂ ತುಂಬಿದ್ದು ನೀವು, ಆದರೆ ಅಲ್ಲಿ "ನಾನು" ಎಂದು ಮಾತನಾಡುತ್ತಿರುವುದು ನಿಮ್ಮ ಅತ್ತೆ. ಠೇವಣಿದಾರರಿಗೆ ನಾಮಿನಿ ಏನಾಗಬೇಕು ಎಂಬುದಷ್ಟೇ ಆ ಕಾಲಂನ ಪ್ರಶ್ನೆ. ಮನೆಯಲ್ಲಿ ಓದುಬರಹ ಬಲ್ಲ ಸೊಸೆಯೋ ಮೊಮ್ಮಗಳೋ ಫಾರಂ ತುಂಬುವಾಗ ಅತಿ ಹೆಚ್ಚು ಆಗುವ ತಪ್ಪು ಇದೇ: ತಮ್ಮ ಬಾಯಿಗೆ ರೂಢಿಯಾದ ಸಂಬಂಧವನ್ನು ಬರೆದುಬಿಡುತ್ತಾರೆ. ನೀವು ಬರೆದದ್ದನ್ನು ಬ್ಯಾಂಕಿನವರು ಹಾಗೆಯೇ ಕಂಪ್ಯೂಟರಿಗೆ ಹಾಕಿದರೆ ನಿಮ್ಮ ಯಜಮಾನರು ತಮ್ಮ ತಾಯಿಗೇ ಗಂಡ ಎಂದು ದಾಖಲಾಗುತ್ತಾರೆ! ಕೌಂಟರಿನಲ್ಲಿ ಯಾರಾದರೂ ಹೆಸರು, ವಯಸ್ಸು ನೋಡಿ ಹಿಡಿದರೆ ಸರಿ. ಹಿಡಿಯದೆ ಹೋದರೆ ಮುಂದೆ ಹಣ ಕೇಳಲು ಹೋದಾಗ ಆಧಾರ್ ಕಾರ್ಡಿಗೂ ಬ್ಯಾಂಕಿನ ದಾಖಲೆಗೂ ತಾಳೆಯಾಗದೆ, ಆ ಹೆಸರಿನ ವ್ಯಕ್ತಿ ಇವರೇ ಎಂದು ಸಾಬೀತು ಮಾಡುವ ಓಡಾಟ ಶುರುವಾಗುತ್ತದೆ.

ಹೊಸ ಫಾರಂನಲ್ಲಿ ಹೀಗೆ ಬರೆಯಿರಿ: ನಿಮ್ಮ ಯಜಮಾನರ ಹೆಸರಿನ ಮುಂದೆ "ಮಗ", ನಾದಿನಿಯ ಹೆಸರಿನ ಮುಂದೆ "ಮಗಳು", ಹುಡುಗನ ಹೆಸರಿನ ಮುಂದೆ "ಮೊಮ್ಮಗ (ಮಗಳ ಮಗ)". ಆವರಣದಲ್ಲಿ ಬಿಡಿಸಿ ಬರೆಯುವುದು ಮುಖ್ಯ. ನಮ್ಮ ಭಾಷೆಯಲ್ಲಿ ಮೊಮ್ಮಗ ಎಂದರೆ ಮಗನ ಮಗನೂ ಹೌದು, ಮಗಳ ಮಗನೂ ಹೌದು. ಅಳಿಯ, ಸೊಸೆ ಎಂಬ ಮಾತುಗಳದ್ದೂ ಇದೇ ಕಥೆ. ಅಳಿಯ ಎಂದರೆ ಮಗಳ ಗಂಡನೂ ಆಗಬಹುದು, ಅಕ್ಕತಂಗಿಯ ಮಗನೂ ಆಗಬಹುದು. ಸೊಸೆ ಎಂದರೆ ಮಗನ ಹೆಂಡತಿ ಇರಬಹುದು, ಅಣ್ಣತಮ್ಮನ ಮಗಳೂ ಇರಬಹುದು. ದೊಡ್ಡಪ್ಪ ಚಿಕ್ಕಪ್ಪನ ಮಗನನ್ನು ನಾವು ಅಣ್ಣ, ತಮ್ಮ ಎಂದೇ ಕರೆಯುತ್ತೇವೆ, ಹಾಗೆ ಬರೆದರೆ ಒಡಹುಟ್ಟಿದವನೆಂದು ದಾಖಲಾಗುತ್ತದೆ. ಕರೆಯುವ ಹೆಸರು ಬೇರೆ, ಸಂಬಂಧ ಬೇರೆ. ಕಾಲಂನಲ್ಲಿ ಇರಬೇಕಾದ್ದು ಯಾರ ಮೂಲಕ ಯಾರು ಎಂಬುದು.

ಬ್ಯಾಂಕಿನ ಕಂಪ್ಯೂಟರಿನಲ್ಲಿ ಸಂಬಂಧವನ್ನು ಸಾಮಾನ್ಯವಾಗಿ ಒಂದು ಪಟ್ಟಿಯಿಂದ ಆರಿಸುತ್ತಾರೆ. ತಂದೆ, ತಾಯಿ, ಪತಿ ಅಥವಾ ಪತ್ನಿ, ಮಗ, ಮಗಳು, ಸಹೋದರ, ಸಹೋದರಿ, ಕೊನೆಗೆ "ಇತರೆ". ಮೊಮ್ಮಗ ಎಂಬುದು ಆ ಪಟ್ಟಿಯಲ್ಲಿ ಇಲ್ಲದಿದ್ದರೆ "ಇತರೆ" ಎಂದು ಹಾಕುತ್ತಾರೆ, ಅದಕ್ಕೆ ಗಾಬರಿ ಬೇಡ. ಅವಸರದಲ್ಲಿ "ಮಗ" ಎಂದು ಆರಿಸಿದ್ದರೆ ಮಾತ್ರ ಸುಮ್ಮನಿರಬೇಡಿ, ತಿದ್ದಿಸಿ.

ಹೆಸರುಗಳನ್ನೂ ಇಲ್ಲಿಯೇ ತಾಳೆ ನೋಡಿಕೊಳ್ಳಿ. ನಮ್ಮ ಕಡೆ ಇನಿಷಿಯಲ್‌ಗಳದ್ದೇ ದೊಡ್ಡ ತಲೆನೋವು. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇರುತ್ತದೆ, ಪ್ಯಾನ್‌ನಲ್ಲಿ ಅದನ್ನೇ ಬಿಡಿಸಿ ತಂದೆಯ ಹೆಸರೂ ಊರಿನ ಹೆಸರೂ ಬಂದಿರುತ್ತದೆ. ನಾಮಿನಿ ಮುಂದೆ ಗುರುತಿಗೆ ಯಾವ ದಾಖಲೆ ತೋರಿಸುತ್ತಾರೋ ಅದರಲ್ಲಿರುವಂತೆಯೇ ಬರೆಯಿರಿ. ಬಹುತೇಕರಿಗೆ ಅದು ಆಧಾರ್. ನಿಮ್ಮ ನಾದಿನಿಯ ಹೆಸರು ಮದುವೆಯ ನಂತರ ಬದಲಾಗಿದ್ದರೆ ಅತ್ತೆ ಕರೆಯುವ ಹಳೆಯ ಹೆಸರನ್ನು ಬರೆಯಬೇಡಿ.

ಪಾಲಿನ ಕಾಲಂ

ಮೊದಲು ಒಂದು ತೀರ್ಮಾನ ಆಗಬೇಕು, ಅದನ್ನು ಅತ್ತೆಯವರೇ ಮಾಡಬೇಕು. ಹೊಸ ನಿಯಮದಲ್ಲಿ ಒಬ್ಬರಿಗಿಂತ ಹೆಚ್ಚು ನಾಮಿನಿ ಇಡುವುದಕ್ಕೆ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಎಲ್ಲರಿಗೂ ಒಟ್ಟಿಗೆ, ಪಾಲು ಹಂಚಿ ಕೊಡಲಾಗುತ್ತದೆ. ಎರಡನೆಯದು ಸರದಿಯ ಕ್ರಮ: ಮೊದಲ ಹೆಸರಿನವರು ಬದುಕಿದ್ದರೆ ಪೂರ್ತಿ ಅವರಿಗೇ, ಅವರಿಲ್ಲದಿದ್ದರೆ ಎರಡನೆಯವರಿಗೆ, ಅವರೂ ಇಲ್ಲದಿದ್ದರೆ ಮೂರನೆಯವರಿಗೆ. ಎರಡನ್ನೂ ಬೆರೆಸುವಂತಿಲ್ಲ. ಠೇವಣಿಗೆ ಯಾವ ದಾರಿಯನ್ನಾದರೂ ಆರಿಸಿಕೊಳ್ಳಬಹುದು, ಲಾಕರಿಗಾದರೆ ಸರದಿಯ ಕ್ರಮ ಮಾತ್ರ. ನಿಮ್ಮ ಅತ್ತೆಯವರ ಆಸೆ ಮೂವರಿಗೂ ಸಿಗಲಿ ಎಂಬುದಾದ್ದರಿಂದ ಮೊದಲನೆಯದಕ್ಕೇ ಗುರುತು ಹಾಕಬೇಕು. ಈ ಗುರುತು ತಪ್ಪಿ ಸರದಿಗೆ ಬಿದ್ದರೆ ಮೊದಲ ಸಾಲಿನಲ್ಲಿರುವ ನಿಮ್ಮ ಯಜಮಾನರಿಗೇ ಆರು ಲಕ್ಷವೂ ಹೋಗುತ್ತದೆ, ನಾದಿನಿಯ ಹೆಸರು ಕಾಗದದಲ್ಲಷ್ಟೇ ಉಳಿಯುತ್ತದೆ. ಅಣ್ಣತಂಗಿಯರ ನಡುವೆ ವೈಮನಸ್ಸು ತರಲು ಇಷ್ಟು ಸಣ್ಣ ಟಿಕ್ ಗುರುತು ಸಾಕು. ದಯವಿಟ್ಟು ಆ ಒಂದು ಸಾಲನ್ನು ಅತ್ತೆಯವರಿಗೆ ಜೋರಾಗಿ ಓದಿ ಹೇಳಿ, ಅವರು ಹೂಂ ಎಂದ ಮೇಲೆಯೇ ಗುರುತು ಹಾಕಿ.

"ಮೂವರಿಗೂ ಸಮ" ಎಂಬ ಮಾತನ್ನು ಕಂಪ್ಯೂಟರ್ ಒಪ್ಪುವುದಿಲ್ಲ, ಅದಕ್ಕೆ ಶೇಕಡಾವಾರು ಅಂಕಿ ಬೇಕು. ಒಟ್ಟು ಸರಿಯಾಗಿ 100 ಬರಬೇಕು. ಮೂವರಿಗೆ ಹಂಚುವಾಗ ಎಡವುವುದು ಇಲ್ಲಿಯೇ. 33, 33, 33 ಎಂದು ಬರೆದರೆ ಒಟ್ಟು 99. ಉಳಿದ ಒಂದು ಶೇಕಡ ಯಾರಿಗೂ ಸೇರದೆ ಫಾರಂ ವಾಪಸ್ಸಾಗುತ್ತದೆ. 33.33 ಎಂದು ಮೂರು ಸಲ ಬರೆದರೂ 99.99 ಅಷ್ಟೇ. ದಶಮಾಂಶದ ಗೋಜಿಗೇ ಹೋಗದೆ 34, 33, 33 ಎಂದು ಬರೆಯುವುದು ಒಳ್ಳೆಯದು. 6 ಲಕ್ಷದ ಲೆಕ್ಕದಲ್ಲಿ 34 ಶೇಕಡ ಎಂದರೆ 2,04,000 ರೂಪಾಯಿ, 33 ಶೇಕಡ ಎಂದರೆ 1,98,000 ರೂಪಾಯಿ. ವ್ಯತ್ಯಾಸ ಆರು ಸಾವಿರ. ಆ ಹೆಚ್ಚಿನ ಒಂದು ಶೇಕಡ ಯಾರಿಗೆ ಎಂದು ಈಗಲೇ ಮಾತಾಡಿಕೊಂಡುಬಿಡಿ.

ಪಾಲನ್ನು ರೂಪಾಯಿಯಲ್ಲಿ ಬರೆಯಬೇಡಿ. ಶೇಕಡಾವಾರು ಪಾಲು ಅನ್ವಯಿಸುವುದು ಹಣ ಕೊಡುವ ದಿನ ಬಡ್ಡಿ ಸೇರಿ ಎಷ್ಟಿರುತ್ತದೋ ಆ ಪೂರ್ತಿ ಮೊತ್ತಕ್ಕೆ. ಎರಡು ಲಕ್ಷ ಎಂದು ಮೂರು ಸಲ ಬರೆದಿಟ್ಟರೆ ಅದರ ಮೇಲೆ ಬೆಳೆದ ಬಡ್ಡಿ ಯಾರದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಪಾಲು ಹಂಚುವ ದಾರಿಯಲ್ಲಿ ಒಂದು ಅಂಶ ಬಹಳ ಜನರಿಗೆ ಗೊತ್ತಿಲ್ಲ. ನಾಮಿನಿಗಳಲ್ಲಿ ಒಬ್ಬರು ಹಣ ಪಡೆಯುವ ಮೊದಲೇ ತೀರಿಕೊಂಡರೆ ಅವರ ಪಾಲು ಉಳಿದಿಬ್ಬರಿಗೆ ತಾನಾಗಿ ಹಂಚಿಹೋಗುವುದಿಲ್ಲ. ಅಷ್ಟು ಮೊತ್ತಕ್ಕೆ ನಾಮಿನಿಯೇ ಇರಲಿಲ್ಲ ಎಂದು ಲೆಕ್ಕ. ಉದಾಹರಣೆಗೆ 33 ಶೇಕಡ ಪಾಲಿನವರೊಬ್ಬರು ಇಲ್ಲವಾದರೆ ಅಸಲಿನಲ್ಲಿ 1,98,000 ರೂಪಾಯಿಯ ಮಟ್ಟಿಗೆ ವಾರಸುದಾರರು ನಾಮಿನಿ ಇಲ್ಲದ ಖಾತೆಯ ಕ್ರಮದಲ್ಲೇ ಕಾಗದಪತ್ರ ಒದಗಿಸಬೇಕಾಗುತ್ತದೆ, ಉಳಿದ 67 ಶೇಕಡ ಮಾತ್ರ ಸಲೀಸಾಗಿ ಬರುತ್ತದೆ. ಆದ್ದರಿಂದ ಮೂವರಲ್ಲಿ ಯಾರಿಗಾದರೂ ಏನಾದರೂ ಆದರೆ ಅತ್ತೆಯವರು ಇರುವಾಗಲೇ ಮತ್ತೊಂದು ಬದಲಾವಣೆ ಫಾರಂ ಕೊಡಿಸಬೇಕು.

ಇನ್ನೊಂದು ಮಾತು, ಪಾಲಿಗೆ ಹತ್ತಿರದ್ದೇ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆಯುವ ಹಕ್ಕುಳ್ಳವರು, ಅಷ್ಟರಿಂದಲೇ ಹಣದ ಒಡೆಯರಾಗುವುದಿಲ್ಲ. 2010ರಲ್ಲಿ ರಾಮ್ ಚಂದರ್ ತಲ್ವಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕ್ ಠೇವಣಿಯ ಬಗ್ಗೆಯೇ ಇದನ್ನು ಸ್ಪಷ್ಟಪಡಿಸಿದೆ. ಹಣ ಕೊನೆಗೆ ಯಾರಿಗೆ ಸೇರಬೇಕೆಂಬುದು ವಿಲ್ ಅಥವಾ ವಾರಸು ಕಾನೂನಿನ ಪ್ರಕಾರ. ಮೊಮ್ಮಗನಿಗೆ ಮೂರರಲ್ಲೊಂದು ಪಾಲು ನಿಜವಾಗಿಯೂ ಅವನದೇ ಆಗಿ ಉಳಿಯಬೇಕು ಎಂಬುದು ಅತ್ತೆಯವರ ಇಚ್ಛೆಯಾಗಿದ್ದರೆ ಈ ಫಾರಂ ಜೊತೆಗೆ ಅದೇ ಪಾಲುಗಳನ್ನು ಹೇಳುವ ವಿಲ್ ಕೂಡ ಬೇಕು. ತಾಯಿ ಬದುಕಿರುವಾಗ ಮಗಳ ಮಗ ಅಜ್ಜಿಯ ಆಸ್ತಿಗೆ ನೇರ ವಾರಸುದಾರನಾಗುವುದಿಲ್ಲ.

11 ವರ್ಷದ ನಾಮಿನಿ

ಹುಡುಗನ ಸಾಲಿನಲ್ಲಿ ಜನ್ಮದಿನಾಂಕ ಕಡ್ಡಾಯ, ಅದು ಜನನ ಪ್ರಮಾಣಪತ್ರದಲ್ಲಿರುವಂತೆಯೇ ಇರಲಿ. "11 ವರ್ಷ" ಎಂದಷ್ಟೇ ಬರೆದರೆ 18 ಯಾವತ್ತು ತುಂಬುತ್ತದೆ ಎಂಬುದು ದಾಖಲೆಯಿಂದ ತಿಳಿಯುವುದಿಲ್ಲ. ಅವನು ಅಪ್ರಾಪ್ತನಾಗಿರುವಾಗಲೇ ಅತ್ತೆಯವರು ಕಾಲವಾದರೆ ಅವನ ಪರವಾಗಿ ಹಣ ಯಾರು ಪಡೆಯಬೇಕೆಂದು ಹೇಳುವ ಸಾಲೊಂದು ಫಾರಂನಲ್ಲಿರುತ್ತದೆ. ಅಲ್ಲಿ ವಯಸ್ಕರೊಬ್ಬರ ಹೆಸರು, ವಯಸ್ಸು, ವಿಳಾಸ ಬರಲೇಬೇಕು. ಹುಡುಗನ ತಂದೆ ಅಥವಾ ತಾಯಿಯ ಹೆಸರು ಸಹಜ ಆಯ್ಕೆ. ತಾಯಿ, ಅಂದರೆ ನಿಮ್ಮ ನಾದಿನಿ, ತಾವೂ ನಾಮಿನಿಯಾಗಿರುವುದರಿಂದ ಅಲ್ಲಿ ತಂದೆಯ ಹೆಸರು ಹಾಕಿದರೆ ಪಾಲುಗಳ ಲೆಕ್ಕ ಬೇರೆಬೇರೆಯಾಗಿ ಸ್ಪಷ್ಟವಾಗಿ ಉಳಿಯುತ್ತದೆ. ಈ ಸಾಲು ಖಾಲಿ ಬಿಡುವುದು ಫಾರಂ ವಾಪಸ್ಸಾಗಲು ಇನ್ನೊಂದು ದೊಡ್ಡ ಕಾರಣ.

ಹೆಬ್ಬೆಟ್ಟು ಮತ್ತು ಸಾಕ್ಷಿಗಳು

ಠೇವಣಿದಾರರು ಸಹಿ ಮಾಡಿದರೆ ಬ್ಯಾಂಕಿನ ನಾಮಿನಿ ಫಾರಂಗೆ ಸಾಕ್ಷಿ ಬೇಕಿಲ್ಲ. ಹೆಬ್ಬೆಟ್ಟು ಒತ್ತಿದರೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು. ನಿಮ್ಮದು ಎರಡನೆಯದು.

ಆದರೆ ನಿಮ್ಮ ಸಂದರ್ಭದಲ್ಲಿ ಅದಕ್ಕೂ ಮೊದಲಿನ ಒಂದು ಹೆಜ್ಜೆ ಇದೆ. ಖಾತೆ ತೆರೆದಾಗ ಅತ್ತೆಯವರು ಸಹಿ ಮಾಡಿದ್ದರೆ ಬ್ಯಾಂಕಿನ ಕಂಪ್ಯೂಟರಿನಲ್ಲಿ ಇರುವುದು ಆ ಮಾದರಿ ಸಹಿ. ಈಗ ಹೆಬ್ಬೆಟ್ಟಿನ ಫಾರಂ ಬಂದರೆ ಹೋಲಿಸಿ ನೋಡಲು ಅವರ ಬಳಿ ಏನೂ ಇರುವುದಿಲ್ಲ, "ಸಹಿ ಹೊಂದುತ್ತಿಲ್ಲ" ಎಂದು ವಾಪಸ್ ಕಳಿಸುತ್ತಾರೆ. ಆದ್ದರಿಂದ ಸಹಿ ಬದಲು ಹೆಬ್ಬೆಟ್ಟನ್ನು ದಾಖಲಿಸಿಕೊಳ್ಳಲು ಒಂದು ಮನವಿ, ಜೊತೆಗೆ ಕೈ ಆಡುವುದಿಲ್ಲ ಎಂದು ವೈದ್ಯರು ಬರೆದ ಚೀಟಿ, ಅತ್ತೆಯವರ ಈಗಿನ ಫೋಟೋ, ಇವನ್ನು ಶಾಖೆಗೆ ಕೊಟ್ಟು ಅದು ಮುಗಿದ ಮೇಲೆ ನಾಮಿನಿ ಫಾರಂ ಕೊಡಿ. ಅತ್ತೆಯವರು ಶಾಖೆಗೆ ಬರುವ ಸ್ಥಿತಿಯಲ್ಲಿಲ್ಲದಿದ್ದರೆ ಬ್ಯಾಂಕಿನ ಅಧಿಕಾರಿಯೊಬ್ಬರನ್ನು ಮನೆಗೆ ಕಳಿಸಿಕೊಡಿ ಎಂದು ಮ್ಯಾನೇಜರ್‌ಗೆ ಲಿಖಿತವಾಗಿ ಕೇಳಿ. 70 ದಾಟಿದವರಿಗೂ, ಅಂಗವೈಕಲ್ಯ ಇರುವವರಿಗೂ ಮನೆಬಾಗಿಲಿನ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅತ್ತೆಯವರಿಗೆ 68 ಆದರೂ ಪಾರ್ಶ್ವವಾಯುವಿನ ಕಾರಣಕ್ಕೆ ಕೇಳಬಹುದು. ಒಂದೇ ಭೇಟಿಯಲ್ಲಿ ಎರಡೂ ಕೆಲಸ ಮುಗಿಯುವಂತೆ ಮೊದಲೇ ಮಾತಾಡಿಕೊಳ್ಳಿ.

ಹೆಬ್ಬೆಟ್ಟು ಒತ್ತುವಾಗ ಫಾರಂ ಪೂರ್ತಿ ತುಂಬಿರಬೇಕು. ಖಾಲಿ ಫಾರಂ ಮೇಲೆ ಮೊದಲು ಹೆಬ್ಬೆಟ್ಟು ಒತ್ತಿಸಿ ಆಮೇಲೆ ತುಂಬಿಕೊಳ್ಳುವ ಪದ್ಧತಿ ತುಂಬಾ ಕಡೆ ಇದೆ. ಮುಂದೆ ಯಾರಾದರೂ ತಕರಾರು ತೆಗೆದರೆ ಸಾಕ್ಷಿಗಳಿಗೆ ಕೇಳುವ ಮೊದಲ ಪ್ರಶ್ನೆಯೇ "ನೀವು ಸಹಿ ಹಾಕುವಾಗ ಪಾಲು ಬರೆದಿತ್ತೇ?" ಎಂಬುದು. ಶಾಯಿಯ ಪ್ಯಾಡಿಗೆ ಬೆರಳನ್ನು ಹಗುರವಾಗಿ ತಾಗಿಸಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಮ್ಮೆ ಉರುಳಿಸಿ ಎತ್ತಿ. ಗಟ್ಟಿಯಾಗಿ ಅದುಮಿದರೆ ಗೆರೆಗಳೆಲ್ಲ ಮುಚ್ಚಿ ಕರಿ ಚುಕ್ಕೆಯಾಗುತ್ತದೆ. ಮೊದಲ ಗುರುತು ಕಲಸಿಹೋದರೆ ಅದರ ಮೇಲೆಯೇ ಮತ್ತೆ ಒತ್ತಬೇಡಿ, ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ಒತ್ತಿಸಿ. ಪಕ್ಕದಲ್ಲಿ "ಇದು ಶ್ರೀಮತಿ ಇಂಥವರ ಎಡಗೈ ಹೆಬ್ಬೆಟ್ಟಿನ ಗುರುತು" ಎಂದು ಬರೆಯಬೇಕು, ಎಡವೋ ಬಲವೋ ಎಂಬುದು ಬ್ಯಾಂಕಿನಲ್ಲಿ ಈಗ ದಾಖಲಿಸಿದ ಕೈಗೆ ಹೊಂದಬೇಕು. ಪಾರ್ಶ್ವವಾಯು ಬಲಗೈಗೆ ಆಗಿದ್ದರೆ ಎರಡೂ ಕಡೆ ಎಡಗೈಯದನ್ನೇ ಬಳಸಿ.

ಸಾಕ್ಷಿಗಳ ಸಾಲಿನಲ್ಲಿ ಪ್ರತಿಯೊಬ್ಬರದೂ ಪೂರ್ಣ ಹೆಸರು, ಪೂರ್ಣ ವಿಳಾಸ, ಸಹಿ, ಸ್ಥಳ, ದಿನಾಂಕ ಇರಬೇಕು. ವಿಳಾಸದ ಜಾಗದಲ್ಲಿ "ಅದೇ ಊರು" ಅಥವಾ "ಮೇಲಿನಂತೆ" ಎಂದು ಬರೆದರೆ ಅದನ್ನು ವಿಳಾಸವೆಂದು ಒಪ್ಪುವುದಿಲ್ಲ. ಮನೆ ಸಂಖ್ಯೆ, ಬೀದಿ, ಪಿನ್‌ಕೋಡ್ ಬರೆಯಿರಿ. ದಿನಾಂಕವಂತೂ ತೀರಾ ಗಮನ ಕೊಟ್ಟು ನೋಡಬೇಕಾದ್ದು. ಹೆಬ್ಬೆಟ್ಟು ಒತ್ತಿದ ದಿನ 12, ಸಾಕ್ಷಿಗಳ ಸಹಿ 15 ಎಂದಿದ್ದರೆ ಒತ್ತುವಾಗ ಅವರು ಅಲ್ಲಿರಲಿಲ್ಲ ಎಂದು ಫಾರಂ ತಾನೇ ಹೇಳಿದಂತೆ. ಸಾಕ್ಷಿಗಳು ಅತ್ತೆಯವರ ಎದುರಿಗಿದ್ದು, ಅವರು ಒತ್ತುವುದನ್ನು ಕಣ್ಣಾರೆ ಕಂಡು, ಅದೇ ದಿನ, ಅಲ್ಲಿಯೇ ಸಹಿ ಹಾಕಬೇಕು. ಇಬ್ಬರೂ ವಯಸ್ಕರಾಗಿರಬೇಕು, ಸಹಿ ಮಾಡಬಲ್ಲವರಾಗಿರಬೇಕು.

ಯಾರು ಸಾಕ್ಷಿಯಾಗಬೇಕು? ನಿಮ್ಮ ಯಜಮಾನರು, ನಾದಿನಿ, ನಾದಿನಿಯ ಗಂಡ, ನೀವು, ಈ ನಾಲ್ವರೂ ಬೇಡ. ಹಣದಲ್ಲಿ ಪಾಲಿರುವವರೋ ಪಾಲಿರುವವರ ಸಂಗಾತಿಯೋ ಸಾಕ್ಷಿ ಹಾಕಿದರೆ ಆ ಸಾಕ್ಷಿಗೆ ತೂಕವಿರುವುದಿಲ್ಲ. ಪಕ್ಕದ ಮನೆಯವರು, ಪರಿಚಯದ ನಿವೃತ್ತ ಶಿಕ್ಷಕರು, ಆ ಶಾಖೆಯಲ್ಲೇ ಖಾತೆ ಇರುವ ಸ್ನೇಹಿತರು, ಇಂಥವರು ಒಳ್ಳೆಯದು. ಬ್ಯಾಂಕಿನಿಂದ ಅಧಿಕಾರಿ ಮನೆಗೆ ಬಂದರೆ ಅವರ ಎದುರಿಗೇ ಈ ಇಬ್ಬರನ್ನೂ ಕೂರಿಸಿ ಮುಗಿಸಿ.

ಇಲ್ಲಿ ಹೇಳಿದ್ದು ಬ್ಯಾಂಕ್ ಠೇವಣಿಗೆ ಮಾತ್ರ. ಅತ್ತೆಯವರಿಗೆ ಅಂಚೆ ಕಚೇರಿಯಲ್ಲೂ ಉಳಿತಾಯವಿದ್ದರೆ ಅಲ್ಲಿನ ಫಾರಂ ಬೇರೆ. ಸೌಹಾರ್ದ ಸಹಕಾರಿ ಅಥವಾ ಪತ್ತಿನ ಸಹಕಾರ ಸಂಘದಲ್ಲಿಟ್ಟ ಠೇವಣಿಗೆ ಬ್ಯಾಂಕಿಂಗ್ ಕಾನೂನಿನ ಈ ನಿಯಮಗಳು ಅನ್ವಯಿಸುವುದಿಲ್ಲ. ಅವು ಹೆಸರಿಗೆ ಬ್ಯಾಂಕಿನಂತೆ ಕಂಡರೂ ಸಹಕಾರ ಕಾನೂನಿನ ಕೆಳಗೆ ಬರುತ್ತವೆ, ಅಲ್ಲಿನ ಬೈಲಾ ನೋಡಿ ವಿಚಾರಿಸಬೇಕು.

ಬ್ಯಾಂಕಿನಿಂದ ಪಡೆಯಬೇಕಾದ್ದು

ಜೆರಾಕ್ಸ್ ಮೇಲೆ ಹಾಕುವ ಸೀಲ್ ಸಾಲದು. ಆ ಸೀಲ್ ಹೇಳುವುದು "ಈ ಕಾಗದ ನಮ್ಮ ಕೈಸೇರಿದೆ" ಎಂದಷ್ಟೇ. ನಾಮಿನಿ ಬದಲಾಗಿದೆ ಎಂದು ಅದು ಹೇಳುವುದಿಲ್ಲ. ಫಾರಂ ಕೌಂಟರಿನ ಟ್ರೇನಲ್ಲಿ ಕುಳಿತಿರಬಹುದು, ಕಂಪ್ಯೂಟರಿನಲ್ಲಿ ಇನ್ನೂ ಮಾವನವರ ಹೆಸರೇ ಇರಬಹುದು. ಹಾಗೆಂದು ಸೀಲ್ ಬೇಡ ಎನ್ನಬೇಡಿ, ಅದನ್ನೂ ಪಡೆಯಿರಿ. ಅದರ ಮೇಲೆ ದಿನಾಂಕ ಮತ್ತು ಸ್ವೀಕರಿಸಿದವರ ಕಿರುಸಹಿ ಇರಲಿ. ಮುಂದಿನ ಗಡುವು ಲೆಕ್ಕ ಹಾಕುವುದು ಆ ದಿನಾಂಕದಿಂದ.

ರಿಸರ್ವ್ ಬ್ಯಾಂಕಿನ ನಿರ್ದೇಶನದ ಪ್ರಕಾರ ಸರಿಯಾಗಿ ತುಂಬಿದ ಫಾರಂ ತಲುಪಿದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕ್ ಠೇವಣಿದಾರರಿಗೆ ಸ್ವೀಕೃತಿ ಪತ್ರ ಕೊಡಬೇಕು. ಫಾರಂ ಒಪ್ಪಲಾಗದಿದ್ದರೆ ಅದನ್ನೂ ಅಷ್ಟೇ ದಿನಗಳಲ್ಲಿ, ಕಾರಣ ಸಮೇತ, ಬರವಣಿಗೆಯಲ್ಲಿ ತಿಳಿಸಬೇಕು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ "ಇದು ಆಗಲ್ಲ ಮೇಡಂ" ಎಂದರೆ ಅದು ಉತ್ತರವಲ್ಲ. "ಏನು ಕೊರತೆ ಎಂದು ಬರೆದುಕೊಡಿ" ಎಂದು ಕೇಳಿ. ಗುರುವಾರ ಕೊಟ್ಟಿದ್ದರೆ ಭಾನುವಾರವನ್ನೂ, ರಜೆಯಿದ್ದರೆ ಎರಡನೇ ಅಥವಾ ನಾಲ್ಕನೇ ಶನಿವಾರವನ್ನೂ ಬಿಟ್ಟು ಎಣಿಸಿಕೊಳ್ಳಿ.

ಸ್ವೀಕೃತಿ ಕೈಗೆ ಬಂದಾಗ ಕೌಂಟರಿನ ಮುಂದೆಯೇ ನಿಂತು ಓದಿ. ಎಫ್‌ಡಿಯ ಖಾತೆ ಸಂಖ್ಯೆಯನ್ನು ರಸೀದಿಯ ಜೊತೆ ಅಂಕಿ ಅಂಕಿಯಾಗಿ ಹೋಲಿಸಿ. ಉಳಿತಾಯ ಖಾತೆಯ ಸಂಖ್ಯೆ ಬಂದಿದ್ದರೆ ಬದಲಾವಣೆ ಆಗಿದ್ದು ಬೇರೆ ಖಾತೆಗೆ. ಈ ತಪ್ಪು ಸಾಮಾನ್ಯ, ಏಕೆಂದರೆ ಎಫ್‌ಡಿಗೂ ಉಳಿತಾಯ ಖಾತೆಗೂ ನಾಮಿನಿ ದಾಖಲೆ ಬೇರೆಬೇರೆ, ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗುವುದಿಲ್ಲ. ಎಫ್‌ಡಿಯ ಬಡ್ಡಿ ಉಳಿತಾಯ ಖಾತೆಗೆ ಬೀಳುತ್ತಿದ್ದು ಅಲ್ಲಿಯೂ ಮಾವನವರೇ ನಾಮಿನಿಯಾಗಿದ್ದರೆ ಅದಕ್ಕೂ ಇನ್ನೊಂದು ಫಾರಂ ಕೊಡಿ. ಆಮೇಲೆ ಮೂರು ಹೆಸರು, ಮೂರು ಪಾಲು, ಒಟ್ಟಿಗೆ ಹಂಚುವ ದಾರಿಯೋ ಸರದಿಯೋ ಎಂಬ ಉಲ್ಲೇಖ, ಹುಡುಗನ ಪರವಾಗಿ ಪಡೆಯುವವರ ಹೆಸರು, ನೋಂದಣಿಯ ದಿನಾಂಕ ಮತ್ತು ಸಂಖ್ಯೆ ಇದ್ದರೆ ಅದು, ಕೊನೆಗೆ ಅಧಿಕಾರಿಯ ಸಹಿ ಮತ್ತು ಶಾಖೆಯ ಮೊಹರು ನೋಡಿ. ಸ್ವೀಕೃತಿಯಲ್ಲಿ ಪಾಲಿನ ವಿವರ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ದಾಖಲಾದದ್ದರ ಪ್ರಿಂಟ್ ಕೇಳಿ ಪಡೆಯಿರಿ.

ಇನ್ನು ಪರೀಕ್ಷೆಯ ಕೊನೆಯ ಹಂತ. ಎಫ್‌ಡಿ ರಸೀದಿಯನ್ನು ಮತ್ತೆ ಮುದ್ರಿಸಿ ಕೊಡಲು ಹೇಳಿ. ನಾಮಿನಿ ನೋಂದಣಿಯಾಗಿದೆ ಎಂಬ ಸಾಲಿನ ಜೊತೆ ಹೊಸ ಹೆಸರುಗಳು ಅದರ ಮೇಲೆ ಬರಬೇಕು. ನೋಂದಣಿಯಾಗಿದೆ ಎಂದು ಮಾತ್ರ ಇದ್ದು ಹೆಸರು ಇಲ್ಲದಿದ್ದರೆ ನೆಮ್ಮದಿಪಡಬೇಡಿ. ಮಾವನವರ ಹೆಸರಿನ ನೋಂದಣಿಗೂ ಅದೇ ಸಾಲು ಮುದ್ರಣವಾಗುತ್ತಿತ್ತು. ಎಫ್‌ಡಿ ಅವಧಿ ಮುಗಿದು ಅದೇ ಖಾತೆಯಲ್ಲಿ ನವೀಕರಣವಾದರೆ ನಾಮಿನಿ ಮುಂದುವರಿಯುತ್ತಾರೆ. ಹಣ ತೆಗೆದು ಹೊಸ ಸಂಖ್ಯೆಯಲ್ಲಿ ಬೇರೆ ಎಫ್‌ಡಿ ಮಾಡಿಸಿದರೆ ನಾಮಿನಿ ಫಾರಂ ಹೊಸದಾಗಿ ಕೊಡಬೇಕು. ಪ್ರತಿ ಸಲ ರಸೀದಿ ಕೈಗೆ ಬಂದಾಗ ಆ ಒಂದು ಸಾಲನ್ನು ನೋಡಿ.

ಮೂರು ಕೆಲಸದ ದಿನ ಕಳೆದರೂ ಸ್ವೀಕೃತಿಯೂ ಬರಲಿಲ್ಲ, ನಿರಾಕರಣೆಯ ಪತ್ರವೂ ಬರಲಿಲ್ಲ ಎಂದಾದರೆ ಅತ್ತೆಯವರ ಹೆಸರಿನಲ್ಲೇ ಶಾಖಾ ಮ್ಯಾನೇಜರ್‌ಗೆ ಒಂದು ಪುಟದ ದೂರು ಬರೆದು ಅದಕ್ಕೂ ಸೀಲ್ ಪಡೆಯಿರಿ. ಖಾತೆ ಸಂಖ್ಯೆ, ಫಾರಂ ಕೊಟ್ಟ ದಿನಾಂಕ, ಸೀಲ್ ಇರುವ ಜೆರಾಕ್ಸಿನ ಪ್ರತಿ, ಮೂರು ದಿನದೊಳಗೆ ಸ್ವೀಕೃತಿ ಕೊಡಬೇಕೆಂಬ ನಿಯಮದ ಉಲ್ಲೇಖ, ಇಷ್ಟಿದ್ದರೆ ಸಾಕು. ದೂರು ಕೊಟ್ಟ 30 ದಿನದೊಳಗೆ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ಶುಲ್ಕವಿಲ್ಲದೆ ದೂರು ದಾಖಲಿಸಬಹುದು. ವಿವರ ಕೇಳಲು 14448ಕ್ಕೆ ಕರೆ ಮಾಡಬಹುದು. ಅಲ್ಲಿ ಮೊದಲು ಕೇಳುವುದು ಬ್ಯಾಂಕಿಗೆ ಕೊಟ್ಟ ದೂರಿನ ಪ್ರತಿಯನ್ನು, ಆದ್ದರಿಂದ ಸೀಲ್ ಹಾಕಿಸಿಕೊಂಡ ಎರಡೂ ಕಾಗದಗಳನ್ನು ಎಫ್‌ಡಿ ರಸೀದಿಯ ಜೊತೆಯಲ್ಲೇ ಇಟ್ಟುಕೊಂಡಿರಿ.